ಸುತ್ತೋಲೆಯಿಂದ ಅಂಗನವಾಡಿ ಜಗಲಿಗೆ: ಕೈ ತೊಳೆಯುವ ಅರಿವಿನ ಸ್ಕ್ರಿಪ್ಟ್ ಬರೆಯುವುದು ಹೇಗೆ

ಮಳೆಗಾಲ ಹತ್ತಿರ ಬಂದಾಗ ಆರೋಗ್ಯ ಕೇಂದ್ರ, ಪಂಚಾಯಿತಿ, ಶಾಲೆ, ಅಂಗನವಾಡಿಗಳಿಗೆ ಒಂದಲ್ಲ ಒಂದು ಸುತ್ತೋಲೆ ಬರುತ್ತದೆ. ಭೇದಿ, ಕಾಮಾಲೆ, ಟೈಫಾಯ್ಡ್ ತಡೆಯಲು ಕೈ ತೊಳೆಯುವ ಬಗ್ಗೆ ಜನರಿಗೆ ಅರಿವು ಮೂಡಿಸಿ ಅಂತ ಅದರಲ್ಲಿ ಇರುತ್ತದೆ. ಮೇಲಿಂದ ಕೆಳಗೆ ಇಳಿಯುತ್ತಾ ಇಳಿಯುತ್ತಾ ಆ ಹಾಳೆ ಕೊನೆಗೆ ಒಬ್ಬರ ಕೈ ಸೇರುತ್ತದೆ. ಅವರು ಆಶಾ ಕಾರ್ಯಕರ್ತೆ ಇರಬಹುದು, ಅಂಗನವಾಡಿ ಟೀಚರ್ ಇರಬಹುದು, ಬೀದಿ ನಾಟಕ ಮಾಡುವ ಹುಡುಗರ ತಂಡವೂ ಇರಬಹುದು. "ಇದನ್ನ ಸಭೇಲಿ ಹೇಳಿಬಿಡಿ" ಅನ್ನುವುದಷ್ಟೇ ಅವರಿಗೆ ಸಿಗುವ ಸೂಚನೆ. ಹಾಗೇ ಓದಿ ಹೇಳಿದರೆ ಏನಾಗುತ್ತದೆ ಅಂತ ಎಲ್ಲರಿಗೂ ಗೊತ್ತು. ಎರಡನೇ ವಾಕ್ಯಕ್ಕೇ ಜನ ಮಾತಿಗೆ ಕೂರುತ್ತಾರೆ.

ಆ ಹಾಳೆಯನ್ನು 3-4 ನಿಮಿಷದ ಆಡುಮಾತಿನ ಸ್ಕ್ರಿಪ್ಟ್ ಮಾಡುವ ಕೆಲಸವನ್ನು ಇಲ್ಲಿ ಹಂತ ಹಂತವಾಗಿ ಮಾಡಿ ನೋಡೋಣ. ಉದಾಹರಣೆಗೆ ತುಮಕೂರು ಕಡೆಯ ಬಯಲುಸೀಮೆಯ ಒಂದು ಹಳ್ಳಿ, ಅಲ್ಲಿನ ಅಂಗನವಾಡಿಯ ತಾಯಂದಿರ ಸಭೆ ಅಂತ ಇಟ್ಟುಕೊಳ್ಳೋಣ.

ಮೊದಲು ಸುತ್ತೋಲೆಯನ್ನು ಎರಡು ಬಣ್ಣದಲ್ಲಿ ಓದಿ

ಕೆಳಗಿನದು ಯಾವುದೋ ಒಂದು ಸುತ್ತೋಲೆಯಿಂದ ಎತ್ತಿದ್ದಲ್ಲ. ಸುತ್ತೋಲೆಗಳ ಧಾಟಿಯಲ್ಲಿ ನಾನೇ ಕಟ್ಟಿಕೊಂಡ ಮಾದರಿ. ಆದರೆ ಇಂಥ ವಾಕ್ಯಗಳನ್ನು ನೀವು ಖಂಡಿತ ಓದಿರುತ್ತೀರಿ.

"ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಮುಂಗಾರು ಹಂಗಾಮಿನಲ್ಲಿ ಜಲಜನ್ಯ ಹಾಗೂ ಸಾಂಕ್ರಾಮಿಕ ರೋಗಗಳು ಉಲ್ಬಣಗೊಳ್ಳುವ ಸಂಭವವಿರುವುದರಿಂದ, ಮುನ್ನೆಚ್ಚರಿಕಾ ಕ್ರಮವಾಗಿ ಸಾರ್ವಜನಿಕರು ಶೌಚಾನಂತರ, ಮಕ್ಕಳ ಮಲ ವಿಲೇವಾರಿಯ ನಂತರ, ಆಹಾರ ತಯಾರಿಕೆ, ಮಕ್ಕಳಿಗೆ ಆಹಾರ ನೀಡಿಕೆ ಹಾಗೂ ಆಹಾರ ಸೇವನೆಗೆ ಪೂರ್ವದಲ್ಲಿ ಕಡ್ಡಾಯವಾಗಿ ಸಾಬೂನು ಮತ್ತು ಶುದ್ಧ ನೀರಿನಿಂದ ಕನಿಷ್ಠ 20 ಸೆಕೆಂಡುಗಳ ಕಾಲ ವೈಜ್ಞಾನಿಕ ವಿಧಾನದಲ್ಲಿ ಕೈಗಳನ್ನು ಸ್ವಚ್ಛಗೊಳಿಸಿಕೊಳ್ಳುವ ಕುರಿತು, ಸಂಬಂಧಿಸಿದ ಇಲಾಖೆಗಳ ಸಮನ್ವಯದೊಂದಿಗೆ ವ್ಯಾಪಕ ಐಇಸಿ ಚಟುವಟಿಕೆಗಳನ್ನು ಹಮ್ಮಿಕೊಂಡು, ಛಾಯಾಚಿತ್ರ ಸಹಿತ ಅನುಪಾಲನಾ ವರದಿಯನ್ನು ಸಲ್ಲಿಸತಕ್ಕದ್ದು."

ಎರಡು ಪೆನ್ನು ತೆಗೆದುಕೊಳ್ಳಿ. ಅಧಿಕಾರಿಗಳಿಗೆ, ಸಿಬ್ಬಂದಿಗೆ ಹೇಳಿದ ಮಾತಿಗೆಲ್ಲ ಕೆಂಪು ಗೆರೆ ಎಳೆಯಿರಿ. ಸಮನ್ವಯ, ಐಇಸಿ, ಛಾಯಾಚಿತ್ರ, ವರದಿ, "ಮೇಲ್ಕಂಡ ವಿಷಯ" ಎಲ್ಲವೂ ಕೆಂಪಿಗೆ ಹೋಗುತ್ತವೆ. ಅವು ನಿಮ್ಮ ಕೆಲಸದ ಪಟ್ಟಿ, ಊರಿನವರಿಗೆ ಅದರಿಂದ ಏನೂ ಆಗಬೇಕಾಗಿಲ್ಲ. ಒಬ್ಬ ಮನುಷ್ಯ ತನ್ನ ಕೈಯಾರೆ ಮಾಡಬೇಕಾದ ಕೆಲಸಕ್ಕೆ ಮಾತ್ರ ಹಸಿರು ಗೆರೆ. ಅಷ್ಟುದ್ದದ ವಾಕ್ಯದಲ್ಲಿ ಹಸಿರಿಗೆ ಸಿಗುವುದು ಇಷ್ಟೇ: ಐದು ಹೊತ್ತು, ಸೋಪು, ನೀರು, 20 ಸೆಕೆಂಡು.

ಈ ಹಸಿರು ಮಾತುಗಳನ್ನು ಒಂದು ಚೀಟಿಯಲ್ಲಿ ಬೇರೆಯಾಗಿ ಬರೆದಿಡಿ. ಮುಂದೆ ಭಾಷೆ ಎಷ್ಟು ಬದಲಾದರೂ ಈ ಚೀಟಿಯಲ್ಲಿ ಇರುವುದು ಬದಲಾಗಬಾರದು. ಸ್ಕ್ರಿಪ್ಟ್ ಮುಗಿದ ಮೇಲೆ ವೈದ್ಯಾಧಿಕಾರಿಗೆ ತೋರಿಸುವಾಗ ಇದೇ ಚೀಟಿ ಕೆಲಸಕ್ಕೆ ಬರುತ್ತದೆ.

ಹಸಿರು ಮಾತುಗಳಲ್ಲೂ ಒಂದು ಕಡೆ ಎಡವುವ ಜಾಗ ಇದೆ: "ಶುದ್ಧ ನೀರು". ನಮ್ಮ ಹಳ್ಳಿಗಳಲ್ಲಿ ಶುದ್ಧ ನೀರು ಅಂದರೆ ಶುದ್ಧ ಕುಡಿಯುವ ನೀರಿನ ಘಟಕದಿಂದ ಕಾಸು ಕೊಟ್ಟು ಕ್ಯಾನಿನಲ್ಲಿ ಹೊತ್ತು ತರುವ ಫಿಲ್ಟರ್ ನೀರು. "ಶುದ್ಧ ನೀರಲ್ಲಿ ಕೈ ತೊಳೀರಿ" ಅಂದರೆ ಕೇಳಿದವರು ಮನಸ್ಸಿನಲ್ಲೇ ಲೆಕ್ಕ ಹಾಕಿ, ಇದು ಆಗದ ಹೋಗದ ಮಾತು ಅಂತ ಬಿಟ್ಟುಬಿಡುತ್ತಾರೆ. ಕೈ ತೊಳೆಯಲು ಫಿಲ್ಟರ್ ನೀರು ಬೇಕಿಲ್ಲ. ನಲ್ಲಿ ನೀರು, ಬೋರ್‌ವೆಲ್ ನೀರು, ತೊಟ್ಟಿಯಲ್ಲಿ ಹಿಡಿದಿಟ್ಟ ಮನೆಬಳಕೆಯ ನೀರು ಸಾಕು, ಸೋಪು ಜೊತೆಗಿರಬೇಕು. ಆದ್ದರಿಂದ ಸ್ಕ್ರಿಪ್ಟಿನಲ್ಲಿ "ಮಾಮೂಲಿ ನೀರು ಸಾಕು" ಅಂತ ಬಿಡಿಸಿ ಹೇಳಬೇಕು.

ಬಚ್ಚಲು ನೋಡದೆ ಬರೆಯಬೇಡಿ

ಪೆನ್ನು ಹಿಡಿಯುವ ಮುಂಚೆ ಊರಲ್ಲಿ ನಾಲ್ಕಾರು ಮನೆಗೆ ಹೋಗಿ ಬನ್ನಿ. ಮಗುವಿಗೆ ಊಟ ಮಾಡಿಸುವ ಹೊತ್ತಿಗೆ ಹೋದರೆ ಒಳ್ಳೆಯದು. "ಕೈ ತೊಳೀತೀರಾ?" ಅಂತ ಕೇಳಬೇಡಿ, ಎಲ್ಲರೂ ಹೂಂ ಅನ್ನುತ್ತಾರೆ. ಸುಮ್ನೆ ಮಾತಾಡುತ್ತಾ ನೋಡಿ. ಸೋಪು ಎಲ್ಲಿದೆ? ಬಚ್ಚಲಮನೆಯ ಗೂಡಿನಲ್ಲೋ, ಬಟ್ಟೆ ಒಗೆಯುವ ಕಲ್ಲಿನ ಮೇಲೋ? ಅಡುಗೆ ಮಾಡುವ ಜಾಗಕ್ಕೂ ಅದಕ್ಕೂ ಎಷ್ಟು ದೂರ? ಮಕ್ಕಳು ನೀರಿಗೆ ಹಾಕಿ ಕರಗಿಸುತ್ತಾರೆ ಅಂತ ಎತ್ತರದಲ್ಲಿ ಇಟ್ಟಿದ್ದಾರಾ?

ಕೈಯನ್ನೂ ಗಮನಿಸಿ. ಊಟಕ್ಕೆ ಮುಂಚೆ ಬಹಳ ಜನ ತೊಳೆಯುವುದು ಬಲಗೈ ಒಂದನ್ನೇ, ಅದರಲ್ಲೂ ಬೆರಳುಗಳನ್ನು ಮಾತ್ರ. ಎಡಗೈಯಲ್ಲಿ ಚೊಂಬು ಹಿಡಿದು ಬಲಗೈ ಮೇಲೆ ನೀರು ಹಾಕಿಕೊಳ್ಳುತ್ತಾರೆ, ಒದರಿ, ಸೆರಗಿಗೋ ಪಂಚೆಗೋ ಒರೆಸಿಕೊಳ್ಳುತ್ತಾರೆ. ಮಗುವಿಗೆ ತಿನ್ನಿಸುವಾಗ ಆಗುವುದೇ ಬೇರೆ. ಎಡಗೈಯಲ್ಲಿ ಮಗುವಿನ ಬಾಯಿ ಒರೆಸುತ್ತಾರೆ, ಬಟ್ಟಲು ಹಿಡಿಯುತ್ತಾರೆ, ಬಲಗೈಯಲ್ಲಿ ಅನ್ನ ಹಿಸುಕುತ್ತಾರೆ. ಎರಡೂ ಕೈ ಕೆಲಸದಲ್ಲಿ ಇರುತ್ತವೆ. ಸುತ್ತೋಲೆಯಲ್ಲಿ "ಕೈಗಳನ್ನು" ಅಂತ ಬಹುವಚನ ಇದ್ದರೂ ಕೇಳುವವರ ಕಿವಿಗೆ ಅದು "ಕೈ" ಅಂತಲೇ ಬೀಳುತ್ತದೆ. "ಎರಡೂ ಕೈ" ಅಂತ ಒತ್ತಿ ಹೇಳಬೇಕು ಅನ್ನುವುದು ಹೀಗೆ ನೋಡಿದಾಗಲೇ ಹೊಳೆಯುವುದು.

ಐದರಲ್ಲಿ ಎರಡನ್ನೇ ಆರಿಸಿಕೊಳ್ಳಿ

ಐದೂ ಹೊತ್ತನ್ನು ಒಂದೇ ಸ್ಕ್ರಿಪ್ಟಿಗೆ ತುರುಕಿದರೆ ಒಂದೂ ನೆನಪಿರುವುದಿಲ್ಲ. ಯಾರಿಗೆ ಹೇಳುತ್ತಿದ್ದೇವೆ, ಅವರ ಮನೆಯಲ್ಲಿ ಎಲ್ಲಿ ತಪ್ಪುತ್ತಿದೆ ಅಂತ ನೋಡಿ ಆರಿಸಬೇಕು.

2018ರಲ್ಲಿ ನಡೆದ ರಾಷ್ಟ್ರೀಯ ಮಾದರಿ ಸಮೀಕ್ಷೆಯ 76ನೇ ಸುತ್ತಿನಲ್ಲಿ ಇದನ್ನು ಕೇಳಿದ್ದರು. ಹಳ್ಳಿಗಾಡಿನ ಮನೆಗಳಲ್ಲಿ ಶೌಚದ ನಂತರ ಸೋಪು ಹಾಕಿ ಕೈ ತೊಳೆಯುತ್ತೇವೆ ಅಂದವರು ನೂರಕ್ಕೆ ಸುಮಾರು 67. ಊಟಕ್ಕೆ ಮುಂಚೆ ಸೋಪು ಹಾಕುತ್ತೇವೆ ಅಂದವರು ಸುಮಾರು 25 ಮಾತ್ರ. ಇದು ಜನ ಬಾಯಿಯಲ್ಲಿ ಹೇಳಿದ ಲೆಕ್ಕ, ನಿಜವಾಗಿ ತೊಳೆಯುವವರು ಇನ್ನೂ ಕಡಿಮೆ ಇರಬಹುದು. ಹಾಗಿದ್ದರೂ ದಾರಿ ತೋರಿಸುವುದಕ್ಕೆ ಇದು ಸಾಕು. ಸಂಡಾಸಿಗೆ ಹೋಗಿ ಬಂದ ಮೇಲೆ ಸೋಪು ಹಾಕಬೇಕು ಅನ್ನುವುದು ತಕ್ಕಮಟ್ಟಿಗೆ ಊರಿಗೆ ಮುಟ್ಟಿದೆ. ಅನ್ನ ಮುಟ್ಟುವ ಮುಂಚೆ ಹಾಕಬೇಕು ಅನ್ನುವುದು ಮುಟ್ಟಿಲ್ಲ.

ನಮ್ಮ ಸಭೆಗೆ ಬರುವವರು 6 ತಿಂಗಳಿಂದ 3 ವರ್ಷದ ಮಕ್ಕಳ ತಾಯಂದಿರು, ಅಜ್ಜಿಯರು. ಮಗುವಿಗೆ 6 ತಿಂಗಳು ತುಂಬಿ ಮೇಲೂಟ ಶುರುವಾದಾಗ ಭೇದಿಯೂ ಜಾಸ್ತಿಯಾಗುತ್ತದೆ. ಎದೆಹಾಲಿನ ಜೊತೆಗೆ ರಾಗಿ ಸರಿ, ಹಿಸುಕಿದ ಅನ್ನ ಬಾಯಿಗೆ ಬೀಳುತ್ತದೆ, ಅದು ಬೀಳುವುದು ದೊಡ್ಡವರ ಬೆರಳಿಂದ. ಹಾಗಾಗಿ ನಮ್ಮ ಸ್ಕ್ರಿಪ್ಟಿಗೆ ಎರಡು ಹೊತ್ತು ಸಾಕು: ಮಗುವಿಗೆ ಕಕ್ಕ ತೊಳೆದ ಮೇಲೆ, ಮಗುವಿಗೆ ತಿನ್ನಿಸುವ ಮುಂಚೆ. ಉಳಿದ ಮೂರನ್ನು ಇನ್ನೊಂದು ತಿಂಗಳ ಸಭೆಗೆ ಇಟ್ಟುಕೊಳ್ಳಿ. ಸುತ್ತೋಲೆಯಲ್ಲಿ ಕುದಿಸಿ ಆರಿಸಿದ ನೀರು, ಸೊಳ್ಳೆ, ಓಆರ್‌ಎಸ್ ಎಲ್ಲ ಬಂದಿದ್ದರೆ ಅವಕ್ಕೂ ಬೇರೆ ಬೇರೆ ದಿನ ಕೊಡಿ.

ರೋಗದ ಮಾತು ಕಡಿಮೆ, ಕೈಯ ಮಾತು ಜಾಸ್ತಿ

ಸುತ್ತೋಲೆ ರೋಗದಿಂದ ಶುರುವಾಗುತ್ತದೆ. ಸ್ಕ್ರಿಪ್ಟ್ ಅಲ್ಲಿಂದ ಶುರುವಾಗಬಾರದು ಅನ್ನುವುದಕ್ಕೆ ನಮ್ಮ ಪಕ್ಕದಲ್ಲೇ ಒಂದು ಒಳ್ಳೆಯ ಆಧಾರ ಇದೆ. ಕೋಲಾರದ ಗಡಿಗೆ ತಾಗಿದ ಚಿತ್ತೂರು ಜಿಲ್ಲೆಯ 14 ಹಳ್ಳಿಗಳಲ್ಲಿ "ಸೂಪರ್ ಅಮ್ಮ" ಅನ್ನುವ ಪ್ರಚಾರ ನಡೆಸಿ ಅದರ ಫಲವನ್ನು ಅಳೆದರು. 2014ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆಯಲ್ಲಿ ಆ ಅಧ್ಯಯನ ಪ್ರಕಟವಾಯಿತು. ಅಲ್ಲಿ ರೋಗ, ಕ್ರಿಮಿ ಅಂತ ಹೆದರಿಸುವ ಬದಲು ಎರಡು ಭಾವನೆಗಳನ್ನು ಹಿಡಿದರು. ಒಂದು, ಮಗುವನ್ನು ಚೆನ್ನಾಗಿ ಬೆಳೆಸಬೇಕು ಅನ್ನುವ ತಾಯಿಯ ಆಸೆ. ಇನ್ನೊಂದು, ಹೇಸಿಗೆ. ಶುರುವಿನಲ್ಲಿ ತೊಳೆಯಲೇಬೇಕಾದ ಹೊತ್ತಿನಲ್ಲಿ ಸೋಪು ಬಳಸುತ್ತಿದ್ದುದು ನೂರಕ್ಕೆ 1-2 ಸಲ. ಆರು ತಿಂಗಳ ನಂತರ ಪ್ರಚಾರ ನಡೆದ ಹಳ್ಳಿಗಳಲ್ಲಿ ಅದು 37ಕ್ಕೆ ಏರಿತ್ತು, ನಡೆಯದ ಹಳ್ಳಿಗಳಲ್ಲಿ 6 ಇತ್ತು. ಬಾಯಿಮಾತು ನಂಬದೆ ಮನೆಯಲ್ಲಿ ಕೂತು ಕಣ್ಣಾರೆ ನೋಡಿ ಬರೆದ ಲೆಕ್ಕ ಇದು.

ಹೇಸಿಗೆಯನ್ನು ಬಳಸುವಾಗ ಒಂದು ಎಚ್ಚರ ಬೇಕು. ಹೇಸಿಗೆ ಕೊಳೆಯ ಮೇಲೆ ಇರಬೇಕು, ಮನುಷ್ಯರ ಮೇಲೆ ಹೋಗಬಾರದು. "ಆ ಕೇರಿಯವರ ಥರ", "ಕೂಲಿ ಮಾಡೋರ ಥರ", "ಓದು ಬರಹ ಇಲ್ಲದೋರು" ಅನ್ನುವ ಮಾತು ಎಲ್ಲೂ ನುಸುಳಬಾರದು. ನಾಟಕದಲ್ಲಿ ಕೊಳಕು ಪಾತ್ರಕ್ಕೆ ಹರಿದ ಬಟ್ಟೆ, ಸ್ವಚ್ಛ ಪಾತ್ರಕ್ಕೆ ಇಸ್ತ್ರಿ ಬಟ್ಟೆ ಹಾಕಿಸುವುದೂ ಅದೇ ತಪ್ಪು. ತಾಯಿಯನ್ನು ಒಬ್ಬಳನ್ನೇ ಗುರಿ ಮಾಡುವುದೂ ನನಗೆ ಸರಿ ಕಾಣುವುದಿಲ್ಲ. ಮಗುವನ್ನು ಎತ್ತಿಕೊಳ್ಳುವ ಅಪ್ಪ, ತಾತನ ಕೈಗೂ ಸೋಪು ಬೇಕು, ಅವರಿಗೂ ಸ್ಕ್ರಿಪ್ಟಿನಲ್ಲಿ ಜಾಗ ಕೊಡಿ.

ಎಷ್ಟು ಭರವಸೆ ಕೊಡಬೇಕು? "ಸೋಪು ಹಾಕಿದರೆ ಭೇದಿ ಬರೋದೇ ಇಲ್ಲ" ಅಂತ ಬರೆಯಬೇಡಿ. ಕೈ ತೊಳೆಯುವ ಅಭ್ಯಾಸ ಬೆಳೆಸಿದ ಕಡೆ ಮಕ್ಕಳ ಭೇದಿ ಸುಮಾರು ಶೇಕಡ 30ರಷ್ಟು ಕಡಿಮೆಯಾಗುತ್ತದೆ ಅಂತ ಅಧ್ಯಯನಗಳು ಹೇಳುತ್ತವೆ. ಸ್ಕ್ರಿಪ್ಟಿಗೆ ಅದು "ಹತ್ತು ಸಲ ಭೇದಿ ಆಗೋ ಕಡೆ ಮೂರು ಸಲ ತಪ್ಪುತ್ತೆ" ಅಂತ ಆಗುತ್ತದೆ. ಜಾಸ್ತಿ ಹೇಳಿ, ಮುಂದಿನ ವಾರ ಒಂದು ಮಗುವಿಗೆ ಭೇದಿ ಆದರೆ ನಿಮ್ಮ ಇಡೀ ಮಾತು ಬಿದ್ದುಹೋಗುತ್ತದೆ. ಪೈಪು ಒಡೆದು ಚರಂಡಿ ನೀರು ಸೇರಿ ಊರಿಗೆ ಊರೇ ಮಲಗಿದಾಗಲಂತೂ ಕೈ ತೊಳೆದರೆ ಸಾಲದು. ಅಲ್ಲಿ ನೀರು ಸರಿಯಾಗಬೇಕು.

ತೊಳೆಯುವ ವಿಧಾನವನ್ನು ಒಂದು ಉಸಿರಿನ ಸಾಲು ಮಾಡಿ

"ವೈಜ್ಞಾನಿಕ ವಿಧಾನ" ಅಂದರೆ ಯಾರಿಗೂ ಏನೂ ಕಾಣುವುದಿಲ್ಲ. ಕೆಲವು ಪೋಸ್ಟರ್‌ಗಳಲ್ಲಿ "ಸುಮನ್-ಕೆ" ಅಂತ ಇರುತ್ತದೆ. ಸೀಧಾ, ಉಲ್ಟಾ, ಮುಟ್ಠಿ, ಅಂಗೂಠಾ, ನಾಖೂನ್, ಕಲಾಯಿ ಅನ್ನುವ ಹಿಂದಿ ಮಾತುಗಳ ಮೊದಲಕ್ಷರ ಸೇರಿಸಿ ಮಾಡಿದ್ದು ಅದು. ಹಿಂದಿ ಬಲ್ಲವರಿಗೆ ಚೆನ್ನಾಗಿ ನೆನಪಿರುತ್ತದೆ. ನಮ್ಮ ಹಳ್ಳಿಯಲ್ಲಿ ಅದನ್ನು ಹಾಗೇ ಹೇಳಿದರೆ ಯಾರದೋ ಹೆಸರು ಅಂದುಕೊಳ್ಳುತ್ತಾರೆ. ಕನ್ನಡದಲ್ಲಿ ಕೈ ತೋರಿಸುತ್ತಾ ಹೀಗೆ ಹೇಳಿ:

"ಅಂಗೈ, ಹಿಂಗೈ, ಬೆರಳ ಸಂದಿ, ಹೆಬ್ಬೆಟ್ಟು, ಉಗುರು, ಮಣಿಕಟ್ಟು."

ಆರು ಜಾಗ. ಒಂದೊಂದು ಜಾಗದಲ್ಲೂ ನಾಲ್ಕು ಎಣಿಸುವಷ್ಟು ಹೊತ್ತು ನಿಧಾನಕ್ಕೆ ಉಜ್ಜಿದರೆ 20 ಸೆಕೆಂಡು ದಾಟುತ್ತದೆ. ಹೀಗೆ ಸೆಕೆಂಡು ಅನ್ನುವ ಮಾತೇ ಸ್ಕ್ರಿಪ್ಟಿನಿಂದ ಹೊರಗೆ ಹೋಗುತ್ತದೆ, ಆದರೆ ಹೊತ್ತು ಹಾಗೇ ಉಳಿಯುತ್ತದೆ. ಉಗುರಿಗೆ ಬಂದಾಗ ಅಂಗೈ ಮೇಲೆ ಬೆರಳ ತುದಿಗಳನ್ನು ಕೆರೆದು ತೋರಿಸಿ. ಅನ್ನ ಹಿಸುಕುವುದು ಆ ತುದಿಗಳಿಂದಲೇ.

ನೀರು ಹಾಕುವ ಬಗೆಯನ್ನೂ ಹೇಳಬೇಕು. ಕೊಳೆ ಕೈಯನ್ನು ಬಕೆಟ್ಟಿಗೆ ಅದ್ದಬಾರದು. ನಲ್ಲಿ ಇಲ್ಲದಿದ್ದರೆ ಇನ್ನೊಬ್ಬರು ಚೊಂಬಿನಿಂದ ನೀರು ಹಾಕಲಿ. ಒಬ್ಬರೇ ಇದ್ದರೆ ಸೋಪಿನ ಕೈಯಲ್ಲೇ ಚೊಂಬಿನ ಕಂಠವನ್ನೂ ಒಮ್ಮೆ ಉಜ್ಜಿ, ಆಮೇಲೆ ತೊಳೆದುಕೊಳ್ಳಲಿ. ತೊಳೆದ ಕೈಯನ್ನು ಬೆಳಗಿಂದ ಉಟ್ಟ ಸೀರೆಯ ಸೆರಗಿಗೆ ಒರೆಸಿದರೆ ಕೊಳೆ ಮತ್ತೆ ಹತ್ತುತ್ತದೆ. ಒದರಿ, ಗಾಳಿಗೆ ಆರಲು ಬಿಟ್ಟರೆ ಸಾಕು.

ಕಣ್ಣಿಗೆ ಕಾಣುವ ಒಂದು ಆಟ

ಬರೀ ನೀರಿಗೂ ಸೋಪಿಗೂ ಇರುವ ವ್ಯತ್ಯಾಸವನ್ನು ಎಷ್ಟು ಹೇಳಿದರೂ ನಂಬುವುದು ಕಷ್ಟ. ತೋರಿಸಬೇಕು. ಎಣ್ಣೆಗೆ ಅರಿಶಿನ ಕಲಸಿ ಕೈಗೆ ಹಚ್ಚಿ ತೋರಿಸೋಣ ಅಂತ ಬಹಳ ಜನ ಹೊರಡುತ್ತಾರೆ. ಅದರಲ್ಲಿ ಒಂದು ತೊಡಕಿದೆ. ಸೋಪಿನಲ್ಲಿ ಕ್ಷಾರ ಇರುತ್ತದೆ, ಅದು ತಾಗಿದ ಕೂಡಲೇ ಅರಿಶಿನ ಕೆಂಪಾಗುತ್ತದೆ. ಅರಿಶಿನಕ್ಕೆ ಸುಣ್ಣ ಕಲಸಿ ಓಕುಳಿ ಮಾಡುವುದನ್ನು ಕಂಡವರೇ ಸಭೆಯಲ್ಲಿ ಕೂತಿರುತ್ತಾರೆ. ಎಲ್ಲರ ಗಮನ ಆ ಬಣ್ಣಕ್ಕೆ ಹೋಗಿ ನೀವು ಹೇಳಬೇಕಾದ ಮಾತು ಮರೆಯಾಗುತ್ತದೆ.

ಅದರ ಬದಲು ಪಾತ್ರೆಯ ತಳದ ಮಸಿ ತಗೊಳ್ಳಿ. ಒಂದು ಚಮಚ ಅಡುಗೆ ಎಣ್ಣೆಗೆ ಚಿಟಿಕೆ ಮಸಿ ಕಲಸಿ, ಎರಡೂ ಕೈಗೆ ತೆಳ್ಳಗೆ ಸವರಿಕೊಳ್ಳಿ. ಮೊದಲು ಬರೀ ನೀರು ಹಾಕಿಸಿಕೊಂಡು ಉಜ್ಜಿ. ನೀರು ಮಣಿಮಣಿಯಾಗಿ ಜಾರಿಹೋಗುತ್ತದೆ, ಮಸಿ ಉಗುರಿನ ಸುತ್ತ, ಬೆರಳ ಸಂದಿಯಲ್ಲಿ ಗೆರೆಯಾಗಿ ಕೂತಿರುತ್ತದೆ. ಕೈಯನ್ನು ಮುಂದಿನ ಸಾಲಿನವರ ಹತ್ತಿರ ಒಯ್ದು ತೋರಿಸಿ. ಆಮೇಲೆ ಸೋಪು ಹಾಕಿ ಆರೂ ಜಾಗ ಉಜ್ಜಿ. ಬೂದು ಬಣ್ಣದ ನೊರೆ ಹರಿದುಹೋಗುವುದನ್ನು ಕೆಳಗೆ ಬಿಳಿ ತಟ್ಟೆ ಇಟ್ಟು ಹಿಡಿದು ತೋರಿಸಿ. ಕೈಯಲ್ಲಿರುವ ಜಿಡ್ಡನ್ನು ನೀರು ಒಂದೇ ಬಿಡಿಸಲಾರದು, ಆ ಜಿಡ್ಡಿನಲ್ಲಿ ಕೊಳೆಯೂ ರೋಗಾಣುವೂ ಅಂಟಿಕೊಂಡಿರುತ್ತವೆ, ಸೋಪು ಜಿಡ್ಡನ್ನು ಸಡಿಲ ಮಾಡಿದ ಮೇಲೆ ನೀರು ಎಲ್ಲವನ್ನೂ ಎಳೆದುಕೊಂಡು ಹೋಗುತ್ತದೆ. ಇಷ್ಟು ಹೇಳಿದರೆ ಸಾಕು. ಸಭೆಗೆ ಮುಂಚೆ ಮನೆಯಲ್ಲಿ ಒಮ್ಮೆ ಮಾಡಿ ನೋಡಿ. ಮಸಿ ಜಾಸ್ತಿಯಾದರೆ ಸೋಪಿಗೂ ಹೋಗುವುದಿಲ್ಲ.

ಈಗ ಸ್ಕ್ರಿಪ್ಟ್

ಆಡುವವರು ಮೂರು ಜನ, ಜೊತೆಗೆ ಆಶಾ. ಬೇಕಾದ ಸಾಮಾನು: ಒಂದು ಗೊಂಬೆ, ಬಟ್ಟಲು, ಚೊಂಬು, ಬಕೆಟ್ ನೀರು, ಬಿಳಿ ತಟ್ಟೆ, ಸೋಪು, ಎಣ್ಣೆ ಕಲಸಿದ ಮಸಿ. ಆಶಾ ಬರುವಾಗಲೇ ಕೈಗೆ ಮಸಿ ಸವರಿಕೊಂಡಿರಬೇಕು.

(ಸೊಸೆ ಬಟ್ಟಲಿಗೆ ಅನ್ನ, ತೊವ್ವೆ ಹಾಕುತ್ತಿದ್ದಾಳೆ. ಅತ್ತೆ ಗೊಂಬೆ ಎತ್ತಿಕೊಂಡು ಬರುತ್ತಾರೆ.)

ಅತ್ತೆ: ತಗೋ ಕಣಮ್ಮ ನಿನ್ ಮಗನ್ನ. ಕಕ್ಕ ಮಾಡ್ಕೊಂಡಿದ್ದ, ತೊಳ್ಕೊಂಡ್ ಬಂದೆ. ಬಟ್ಟಲು ಇಲ್ಲಿ ಕೊಡು, ನಾನೇ ತಿನ್ನಿಸ್ತೀನಿ.

ಸೊಸೆ: ಅತ್ತೆ, ಕೈ?

ಅತ್ತೆ: ಅಲ್ಲೇ ನೀರು ಹಾಕ್ಕೊಂಡೆ ಕಣೆ. ನೋಡು, ಎಷ್ಟು ಬೆಳ್ಳಗೈತೆ.

ಆಶಾ: (ಬರುತ್ತಾ) ಏನಮ್ಮ, ಮೊಮ್ಮಗನಿಗೆ ಊಟಾನಾ? ಒಂದ್ ನಿಮಿಷ ಇರಿ. ನನ್ ಕೈ ನೋಡಿ, ಎಣ್ಣೆ ಮಸಿ ಆಗ್ಬಿಟ್ಟೈತೆ. ಸ್ವಲ್ಪ ನೀರು ಹಾಕಿ.

(ಸೊಸೆ ನೀರು ಹಾಕುತ್ತಾಳೆ. ಆಶಾ ಉಜ್ಜಿ, ಕೈಯನ್ನು ಸಭೆಗೆ ತೋರಿಸುತ್ತಾಳೆ.)

ಆಶಾ: ಹೋಯ್ತೇನಕ್ಕ? (ಸಭೆ ಹೇಳುವವರೆಗೆ ಕಾಯಬೇಕು.) ಹೋಗ್ಲಿಲ್ಲ. ಇದು ಮಸಿ, ಕಣ್ಣಿಗೆ ಕಾಣ್ತು. ಮಗು ಕಕ್ಕ ತೊಳೆದ ಕೈಯಾಗೆ ಉಳಿಯೋದು ಕಣ್ಣಿಗೆ ಕಾಣಲ್ಲ. ಆ ಕೈಲೇ ಅನ್ನ ಹಿಸುಕಿದ್ರೆ ಅದು ಎಲ್ಲಿಗೆ ಹೋಗುತ್ತೆ?

ಸೊಸೆ: ಮಗೀನ್ ಬಾಯಿಗೆ!

ಅತ್ತೆ: ಶಿವ ಶಿವಾ! ಅಂಗನ್ನಬೇಡ್ರವ್ವ. ತತ್ತಾ ಆ ಸೋಪು.

ಆಶಾ: ನಂಜೊತೆ ನೀವೂ ಉಜ್ಜಿ ಬನ್ನಿ. ಎಲ್ಲರೂ ಕೈ ಎತ್ತಿ, ಸುಮ್ನೆ ಗಾಳಿಲೇ ಉಜ್ಜಿ. ಅಂಗೈ... ಹಿಂಗೈ... ಬೆರಳ ಸಂದಿ... ಹೆಬ್ಬೆಟ್ಟು... ಉಗುರು... ಮಣಿಕಟ್ಟು. ಎರಡೂ ಕೈ!

(ಅತ್ತೆ, ಆಶಾ ಇಬ್ಬರೂ ನಿಜವಾಗಿ ಸೋಪು ಹಾಕಿ ಉಜ್ಜುತ್ತಾರೆ. ಸೊಸೆ ಬಿಳಿ ತಟ್ಟೆ ಹಿಡಿದು ನೀರು ಹಾಕುತ್ತಾಳೆ, ತಟ್ಟೆಯನ್ನು ಸಭೆಗೆ ತೋರಿಸುತ್ತಾಳೆ.)

ಸೊಸೆ: ಅಕ್ಕ, ಫಿಲ್ಟರ್ ನೀರು ಬೇಕಾ ಇದಕ್ಕೆ?

ಆಶಾ: ಬೇಡಮ್ಮ. ಮಾಮೂಲಿ ನಲ್ಲಿ ನೀರು ಸಾಕು. ಸೋಪು ಮಾತ್ರ ಬೇಕೇ ಬೇಕು.

(ಮಗ ಹೊಲದಿಂದ ಬಂದು ಗೊಂಬೆಗೆ ಕೈ ಚಾಚುತ್ತಾನೆ.)

ಮಗ: ಬಾರಪ್ಪ ಬಂಗಾರ, ನಾನು ಒಂದ್ ತುತ್ತು ಇಕ್ತೀನಿ.

ಅತ್ತೆ: ಲೋ, ನಿಲ್ಲು! ಸೋಪು ಹಾಕದ ಕೈ ನನ್ ಮೊಮ್ಮಗನ ಬಟ್ಟಲಿಗೆ ಬರಂಗಿಲ್ಲ. ಹೋಗು, ಅಂಗೈ, ಹಿಂಗೈ...

ಸೊಸೆ ಮತ್ತು ಸಭೆ: ಬೆರಳ ಸಂದಿ, ಹೆಬ್ಬೆಟ್ಟು, ಉಗುರು, ಮಣಿಕಟ್ಟು!

ಆಶಾ: ಕಕ್ಕ ತೊಳೆದ ಮೇಲೆ ಒಂದ್ಸಲ. ತುತ್ತು ಇಕ್ಕೋ ಮುಂಚೆ ಒಂದ್ಸಲ. ಹತ್ತು ಸಲ ಭೇದಿ ಆಗೋ ಕಡೆ ಮೂರು ಸಲ ತಪ್ಪುತ್ತೆ. ಈಗ ಹೇಳಿ, ನಿಮ್ಮನೇಲಿ ಮಗೀಗೆ ಊಟ ಮಾಡ್ಸೋದು ಎಲ್ಲಿ? ಸೋಪು ಇರೋದು ಎಲ್ಲಿ?

ಕೊನೆಯ ಆ ಪ್ರಶ್ನೆಗೆ ಸಭೆಯಲ್ಲಿ ಮೂರ್ನಾಲ್ಕು ಜನರಿಂದಲಾದರೂ ಉತ್ತರ ಹೇಳಿಸಿ. ಸೋಪು ಹಿತ್ತಲ ಬಚ್ಚಲಲ್ಲಿ, ಊಟ ಮುಂದಿನ ಜಗಲಿಯಲ್ಲಿ ಅಂದರೆ, ಜಗಲಿಯ ಹತ್ತಿರ ಇನ್ನೊಂದು ಸೋಪಿನ ಚೂರು ಎಲ್ಲಿ ಇಡಬಹುದು ಅಂತ ಅಲ್ಲೇ ಅವರಿಂದಲೇ ತೀರ್ಮಾನ ಮಾಡಿಸಿ. ಅಭ್ಯಾಸ ಬೀಳುವುದು ಸೋಪು ಕೈಗೆ ಸಿಗುವಲ್ಲಿ.

ಇದು ತುಮಕೂರು ಕಡೆಯ ಮಾತು. ಬೇರೆ ಸೀಮೆಯಲ್ಲಿ ಹೀಗೇ ಓದಬೇಡಿ, ಅಲ್ಲಿನ ಒಬ್ಬ ಅಜ್ಜಿಯ ಮುಂದೆ ಕೂತು ಅವರ ಬಾಯಲ್ಲೇ ಮರಳಿ ಹೇಳಿಸಿ ಬರೆದುಕೊಳ್ಳಿ. ಉತ್ತರ ಕರ್ನಾಟಕದಲ್ಲಿ ಚೊಂಬು ಹೋಗಿ ತಂಬಿಗಿ ಬರುತ್ತದೆ, "ಏನಕ್ಕ" ಹೋಗಿ "ಏನವಾ" ಬರುತ್ತದೆ.

ಸಭೆಯಲ್ಲಿ ಏಳುವ ಮಾತುಗಳು

"ಸೋಪಿಗೆ ದುಡ್ಡು ಎಲ್ಲಿಂದ ತರೋದು?" ಇದು ನಿಜವಾದ ಕಷ್ಟ, ಹಗುರವಾಗಿ ತಗೊಳ್ಳಬೇಡಿ. ಕೈಗೆ ಬಟ್ಟೆ ಸೋಪೂ ಆಗುತ್ತದೆ, ಸವೆದ ಚೂರೂ ಆಗುತ್ತದೆ. ಇನ್ನೂ ಅಗ್ಗದ ದಾರಿ ಸೋಪು ನೀರಿನ ಬಾಟಲಿ. ಬಾಂಗ್ಲಾದೇಶದಲ್ಲಿ ಪರೀಕ್ಷೆ ಮಾಡಿ ಬಳಸಿದ ಅಳತೆ ಇದು: ಒಂದೂವರೆ ಲೀಟರ್ ನೀರಿಗೆ 30 ಗ್ರಾಂ ಬಟ್ಟೆ ಪುಡಿ. ಖಾಲಿ ನೀರಿನ ಬಾಟಲಿಯಲ್ಲಿ ಕಲಸಿ, ಮುಚ್ಚಳಕ್ಕೆ ಕಾಯಿಸಿದ ಮೊಳೆಯಿಂದ ತೂತು ಮಾಡಿ, ಜಗಲಿಯ ಕಂಬಕ್ಕೆ ಮಕ್ಕಳ ಬಾಯಿಗೆ ಸಿಗದಷ್ಟು ಎತ್ತರಕ್ಕೆ ಕಟ್ಟಿ. ಒಂದೆರಡು ಸಲ ಒತ್ತಿದರೆ ಕೈಗೆ ಸಾಕಾಗುತ್ತದೆ. "ಸೋಪು ನೀರು" ಅಂತ ಬಾಟಲಿ ಮೇಲೆ ಬರೆದು, ಒಂದು ಗುರುತೂ ಹಾಕಿ. ಕುಡಿಯುವ ನೀರು ಅಂತ ಯಾರೂ ಮೋಸ ಹೋಗಬಾರದು.

"ನಾವು ಬೂದಿ, ಮಣ್ಣಲ್ಲೇ ತೊಳೆದು ಬೆಳೆದವರು." ಈ ಮಾತು ಹಿರಿಯರಿಂದ ಬಂದೇ ಬರುತ್ತದೆ. ಎದುರು ವಾದ ಮಾಡಬೇಡಿ. ಸೋಪು ಇಲ್ಲವೇ ಇಲ್ಲ ಅನ್ನುವಾಗ ಬೂದಿ ಇರಲಿ, ಆದರೆ ಸೋಪಿನಷ್ಟು ಕೆಲಸ ಮಾಡುತ್ತದೆ ಅಂತ ಹೇಳುವುದಕ್ಕೆ ಗಟ್ಟಿ ಆಧಾರ ಇಲ್ಲ. ಮಣ್ಣು ಮಾತ್ರ ಬೇಡ. ಬಯಲಿಗೆ ಹೋಗುವ ಜಾಗದ ಮಣ್ಣಿನಲ್ಲಿ ಜಂತುಹುಳದ ಮೊಟ್ಟೆ ಇರಬಹುದು.

"ಸ್ಯಾನಿಟೈಸರ್ ಆಗಲ್ವಾ?" ಎಣ್ಣೆ, ಮಣ್ಣು, ಕಕ್ಕ ತಾಗಿದ ಕೈಗೆ ಅದು ಆಗುವುದಿಲ್ಲ, ಸೋಪೇ ಬೇಕು. ಇಷ್ಟು ಹೇಳಿ ಮುಂದೆ ಹೋಗಿ.

ಆಡಿಸುವ ಮುಂಚೆ ಪರೀಕ್ಷೆ

ಸ್ಕ್ರಿಪ್ಟನ್ನು ಗಟ್ಟಿಯಾಗಿ ಓದಿ. ಒಂದು ಉಸಿರಿಗೆ ಮುಗಿಯದ ಸಾಲನ್ನು ಎರಡು ಮಾಡಿ. ಆಮೇಲೆ ಸಭೆಗೆ ಬರುವಂಥ ಇಬ್ಬರು ಮೂವರ ಮುಂದೆ ಆಡಿ ತೋರಿಸಿ. "ಅರ್ಥ ಆಯ್ತಾ?" ಅಂತ ಕೇಳಿದರೆ ಮರ್ಯಾದೆಗೆ ಆಯ್ತು ಅನ್ನುತ್ತಾರೆ. "ಇದನ್ನ ನಿಮ್ಮ ನಾದಿನಿಗೆ ಹೇಳಬೇಕು ಅಂದ್ರೆ ಹೇಗೆ ಹೇಳ್ತೀರಿ?" ಅಂತ ಕೇಳಿ. ಅವರು ಹೇಳುವಾಗ ಎರಡು ಹೊತ್ತು, ಸೋಪು, ಎರಡೂ ಕೈ ಬಂದವಾ ನೋಡಿ. ಬಿಟ್ಟುಹೋದ ಮಾತು ಸ್ಕ್ರಿಪ್ಟಿನಲ್ಲಿ ಸೊರಗಿದೆ ಅಂತ ಅರ್ಥ, ಅದನ್ನು ಇನ್ನೊಂದು ಪಾತ್ರದ ಬಾಯಲ್ಲೂ ಹೇಳಿಸಿ. ಅವರು ನಿಮ್ಮ ಮಾತು ಬಿಟ್ಟು ತಮ್ಮದೇ ಮಾತು ಬಳಸಿದರೆ ಅದನ್ನೇ ಬರೆದುಕೊಳ್ಳಿ.

ಹಸಿರು ಗೆರೆಯ ಚೀಟಿ ಮತ್ತು ಸ್ಕ್ರಿಪ್ಟ್ ಎರಡನ್ನೂ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತೋರಿಸಿ. "ಭಾಷೆ ಹೀಗೇ ಇರಲಿ, ವಿಷಯ ಏನಾದ್ರೂ ತಪ್ಪಿದ್ರೆ ಹೇಳಿ" ಅಂತ ಮೊದಲೇ ಕೇಳಿಕೊಳ್ಳಿ. ಇಲ್ಲದಿದ್ದರೆ ಕಕ್ಕ ಹೊಡೆದುಹಾಕಿ ಮಲ ಅಂತ ಬರೆದು ಕಳಿಸುವ ಸಾಧ್ಯತೆ ಇದೆ.

ಸಭೆ ಆದ ಎರಡು ವಾರದ ಮೇಲೆ ಅದೇ ಮನೆಗಳಿಗೆ ಹೋಗಿ. ತೊಳೆಯುತ್ತಿದ್ದೀರಾ ಅಂತ ಕೇಳುವ ಬದಲು ಸೋಪು ನೋಡಿ. ಜಾಗ ಬದಲಾಗಿದೆಯಾ, ಒದ್ದೆಯಾಗಿದೆಯಾ, ಸವೆದಿದೆಯಾ? ಒಣಗಿ ಬಿರುಕು ಬಿಟ್ಟಿದ್ದರೆ ಮುಂದಿನ ಸಭೆಯಲ್ಲಿ ಇದೇ ಆಟವನ್ನು ಮತ್ತೆ ಆಡಿ, ಆದರೆ ಅತ್ತೆಯ ಪಾತ್ರವನ್ನು ಆ ಊರಿನ ಅಜ್ಜಿಯೊಬ್ಬರಿಗೆ ಕೊಡಿ. ಸೋಪು ಜಗಲಿಗೆ ಬಂದಿದ್ದರೆ, ಬಾಕಿ ಉಳಿದ ಮೂರು ಹೊತ್ತಿನಲ್ಲಿ ಅಡುಗೆಗೆ ಮುಂಚಿನದನ್ನು ಎತ್ತಿಕೊಂಡು ಮುಂದಿನ ಸ್ಕ್ರಿಪ್ಟ್ ಶುರು ಮಾಡಿ. ಅಂಗೈ, ಹಿಂಗೈ ಸಾಲನ್ನು ಮಾತ್ರ ಒಂದಕ್ಷರವೂ ಬದಲಿಸದೆ ಅದಕ್ಕೂ ತನ್ನಿ. ಪಂಚಾಯಿತಿಯ ಕಸದ ಗಾಡಿಯ ಮೈಕಿಗೂ ಅದೇ ಸಾಲನ್ನು ಊರ ಮಕ್ಕಳ ದನಿಯಲ್ಲಿ ರೆಕಾರ್ಡ್ ಮಾಡಿ ಕೊಡಿ.